ಅಜ್ಜ, ಅಪ್ಪ-ಅಮ್ಮ, ಅತ್ತೆ ಒಂದೇ ಫೋಟೊದಲ್ಲಿ: ಪ್ರತಿಯೊಬ್ಬರ ಕಾಳು ಬೇರೆ, ಅಳತೆ ಬೇರೆ

ಅಡಿಕೆತೋಟ, ಶಿರಸಿ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಮ್ಮ ಹೊಸ ಮನೆಯ ಗೃಹಪ್ರವೇಶ. ಜಗಲಿಯ ಗೋಡೆಗೆ ಎಲ್ಲರೂ ಒಟ್ಟಿಗೆ ಇರುವ ಒಂದು ಫೋಟೊ ಹಾಕಬೇಕೆಂದು ನನಗೆ ಬಹಳ ಆಸೆ. ಅಜ್ಜ ಈಗಿಲ್ಲ. ಹಾಗಾಗಿ ಮೂರು ಫೋಟೊ ಸೇರಿಸಿ 12×18 ಇಂಚಿನ ಒಂದು ಚಿತ್ರ ಮಾಡುತ್ತಿದ್ದೇನೆ. ಬಳಸುತ್ತಿರುವುದು ಗಿಂಪ್ ಎಂಬ ಫೋಟೊ ತಿದ್ದುವ ತಂತ್ರಾಂಶ.

ಅಜ್ಜನದು 1978ರ ಕಪ್ಪು-ಬಿಳುಪು ಪ್ರಿಂಟ್, ಅಂಗೈಯಷ್ಟು ದೊಡ್ಡದು. ಅದನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿದ್ದೇನೆ. ಅಪ್ಪ-ಅಮ್ಮ ಕುರ್ಚಿಯಲ್ಲಿ ಕುಳಿತಿರುವುದು ಡಿಎಸ್‌ಎಲ್‌ಆರ್ ಚಿತ್ರ, 6000×4000. ಕುಮಟಾದ ಅತ್ತೆಯ ಫೋಟೊ ವಾಟ್ಸಾಪ್‌ನಲ್ಲಿ ಬಂದದ್ದು, 1600×1200. ಹಾಳೆಯನ್ನು 5400×3600 ಪಿಕ್ಸೆಲ್‌ಗೆ ಇಟ್ಟು, ಎಲ್ಲರ ಮುಖವೂ 450 ಪಿಕ್ಸೆಲ್ ಎತ್ತರ ಬರುವ ಹಾಗೆ ಎಳೆದು ಜೋಡಿಸಿದೆ.

ಆದದ್ದು ಇಷ್ಟು: ಅಜ್ಜನ ಮೇಲೆ ಯಾರೋ ರವೆ ಉದುರಿಸಿದಂತಿದೆ. ಅಪ್ಪ-ಅಮ್ಮ ಮೇಣದ ಗೊಂಬೆಗಳಂತೆ ನುಣ್ಣಗಿದ್ದಾರೆ. ಅತ್ತೆಯನ್ನು ಮಳೆಗಾಲದ ಬಸ್ಸಿನ ಕಿಟಕಿಯಿಂದ ನೋಡಿದ ಹಾಗಿದೆ. ಇನ್ನೊಂದು, ಅಜ್ಜ ದಪ್ಪಗಾಗಿದ್ದಾರೆ. ಅವರು ಸಣಕಲು ದೇಹದವರು. ಅಮ್ಮ ನೋಡಿದ ಕೂಡಲೇ "ಇದು ಮಾವನವರಲ್ಲ" ಎಂದರು. ಆ ಮಾತು ಮನಸ್ಸಿನಿಂದ ಹೋಗುತ್ತಿಲ್ಲ.

ಡಿಜಿಟಲ್ ಬಂಧು

ಸುಲಭದ ದಾರಿ ಇದೆ ಅಕ್ಕ. ಮೂರೂ ಫೈಲುಗಳ ಡಿಪಿಐ 300 ಎಂದು ಬದಲಾಯಿಸಿ, ಆಮೇಲೆ ಇಡೀ ಚಿತ್ರವನ್ನು ಕಪ್ಪು-ಬಿಳುಪು ಮಾಡಿ. ವ್ಯತ್ಯಾಸವೆಲ್ಲ ಮಾಯವಾಗುತ್ತದೆ. ನಾನು ಮದುವೆ ಆಲ್ಬಮ್‌ಗಳಲ್ಲಿ ಹೀಗೆಯೇ ಮಾಡುವುದು.

ಕಾಳಿ ದಂಡೆ, ಕಾರವಾರ

ನನ್ನದೂ ಇದೇ ಸಮಸ್ಯೆ. ಸದಾಶಿವಗಡದ ಗುಡ್ಡದ ಮೇಲಿಂದ ಕಾಳಿ ನದಿಯ ಆರು ಫೋಟೊ ತೆಗೆದು ಪನೋರಮಾ ಜೋಡಿಸಿದರೆ ಎಡಭಾಗದ ಆಕಾಶ ನುಣ್ಣಗೆ, ಬಲಭಾಗದ್ದು ಒರಟು. 2024ರ ಆಗಸ್ಟ್‌ನಲ್ಲಿ ಕುಸಿದ ಹಳೆಯ ಸೇತುವೆ ನನ್ನ ಬಳಿಯ ಹಿಂದಿನ ಚಿತ್ರವೊಂದರಲ್ಲಿದೆ, ಅದನ್ನೂ ಸೇರಿಸುವ ಆಸೆ. ಪನೋರಮಾ ಜೋಡಿಸುವ ಹ್ಯೂಗಿನ್ ತಂತ್ರಾಂಶ ಬಳಸಿ ನೋಡಿದಿರಾ?

ಡಾರ್ಕ್‌ರೂಮ್ ಮಾವ, ಕಾರವಾರ

ಕಾಳಿ ದಂಡೆಯವರೇ, ನಿಮ್ಮದು ಒಂದೇ ಕ್ಯಾಮೆರಾದ ಚಿತ್ರಗಳನ್ನು ಅಂಚಿಗೆ ಅಂಚು ಹೊಲಿಯುವ ಕೆಲಸ. ಕ್ಯಾಮೆರಾ ಆಟೋದಲ್ಲಿದ್ದು ಪ್ರತಿ ಚಿತ್ರಕ್ಕೂ ಐಎಸ್‌ಒ ಬದಲಿಸಿರಬೇಕು, ಅದು ಏರಿದಷ್ಟೂ ಚಿತ್ರ ಒರಟಾಗುತ್ತದೆ. ಫೈಲಿನ ವಿವರ ತೆರೆದರೆ ತಿಳಿಯುತ್ತದೆ. ತಂಗಿಯದು ಬೇರೆ ಜಾತಿಯ ಸಮಸ್ಯೆ. ಹ್ಯೂಗಿನ್ ಇಲ್ಲಿ ಕೆಲಸಕ್ಕೆ ಬಾರದು.

ಬಂಧು, ಡಿಪಿಐ ಸಂಖ್ಯೆ ಬದಲಿಸಿದರೆ ಫೈಲಿಗೆ ಒಂದು ಪಿಕ್ಸೆಲ್ ಕೂಡ ಸೇರುವುದಿಲ್ಲ. ಅದು ಪ್ರಿಂಟರಿಗೆ ಬರೆದ ಚೀಟಿ ಮಾತ್ರ. ಕಪ್ಪು-ಬಿಳುಪಿನ ಮಾತು ಅರ್ಧ ಸರಿ. ಡಿಜಿಟಲ್ ಚಿತ್ರದ ನೆರಳಿನಲ್ಲಿರುವ ಬಣ್ಣದ ಚುಕ್ಕೆಗಳು ಅದರಿಂದ ಹೋಗುತ್ತವೆ, ಅಜ್ಜನಿಗೂ ಉಳಿದವರಿಗೂ ಒಂದೇ ಲೋಕ ಸಿಗುತ್ತದೆ. ಆದರೆ ರವೆ ರವೆಯಾಗಿಯೇ, ಮೇಣ ಮೇಣವಾಗಿಯೇ ಉಳಿಯುತ್ತದೆ.

ತಂಗಿ, ಮೊದಲು ಅಜ್ಜ ದಪ್ಪಗಾದದ್ದನ್ನು ನೋಡೋಣ. ಅವರು ಕನ್ನಡಕ ಹಾಕಿದ್ದಾರೆಯೇ? ಸ್ಕ್ಯಾನಿನಲ್ಲಿ ಅದರ ಒಂದು ಗಾಜಿನ ಅಗಲ ಮತ್ತು ಎತ್ತರ ಅಳೆಯಿರಿ, ನಿಮ್ಮ ಜೋಡಣೆಯಲ್ಲೂ ಅಳೆಯಿರಿ. ಜೊತೆಗೆ ಮೂರೂ ಮೂಲ ಫೈಲುಗಳಲ್ಲಿ ಗಲ್ಲದಿಂದ ನೆತ್ತಿಯವರೆಗೆ ಮುಖ ಎಷ್ಟು ಪಿಕ್ಸೆಲ್ ಇದೆಯೆಂದು ತಿಳಿಸಿ. ಫೈಲಿನ ಒಟ್ಟು ಗಾತ್ರ ನನಗೆ ಬೇಡ. ನೋಡುವವರು ನೋಡುವುದು ಮುಖವನ್ನು.

ಅಡಿಕೆತೋಟ, ಶಿರಸಿ

ದುಂಡು ಕನ್ನಡಕವಿದೆ. ಸ್ಕ್ಯಾನಿನಲ್ಲಿ ಗಾಜು 120×120. ನನ್ನ ಜೋಡಣೆಯಲ್ಲಿ ಅಗಲ 120, ಎತ್ತರ 100! ಮುಖದ ಎತ್ತರ ಅಜ್ಜನದು 540, ಅಪ್ಪನದು 500, ಅತ್ತೆಯದು 110.

ಡಾರ್ಕ್‌ರೂಮ್ ಮಾವ, ಕಾರವಾರ

ಹಾಗಾದರೆ ಎತ್ತರವನ್ನು 540ರಿಂದ 450ಕ್ಕೆ ಇಳಿಸುವಾಗ ಅಗಲ ಹಾಗೆಯೇ ಉಳಿದಿದೆ. ಸ್ಕೇಲ್ ಕಿಟಕಿಯಲ್ಲಿ ಅಗಲ-ಎತ್ತರಗಳ ಪಕ್ಕದ ಸರಪಳಿ ಗುರುತು ಬಿಚ್ಚಿಕೊಂಡಿತ್ತು. ಅದನ್ನು ಕೂಡಿಸಿ ಮತ್ತೆ ಮಾಡಿ. ಅಜ್ಜನ ಫೋಟೊ ಎದೆಯ ಮಟ್ಟಕ್ಕೆ ತುಂಡಾಗಿರುತ್ತದೆ, ಜಾಗ ತುಂಬಲು ನೀವು ಎಳೆದಿದ್ದೀರಿ. ಎಳೆಯುವ ಬದಲು ಅವರನ್ನು ಅಪ್ಪನ ಕುರ್ಚಿಯ ಹಿಂದೆ ನಿಲ್ಲಿಸಿ, ತುಂಡಾದ ಅಂಚು ಅಪ್ಪನ ಹೆಗಲ ಹಿಂದೆ ಅಡಗುತ್ತದೆ. ಅತ್ತೆ ಅಮ್ಮನ ಹಿಂದೆ ಇರಲಿ. ಡಿಎಸ್‌ಎಲ್‌ಆರ್ ಚಿತ್ರದ ಅನುಪಾತ 3:2, ನಿಮ್ಮ 12×18 ಚೌಕಟ್ಟಿನದೂ ಅದೇ. ಆದ್ದರಿಂದ ಅದೇ ನೆಲೆಯಾಗಲಿ.

ಈಗ ಅತ್ತೆ. 110 ಪಿಕ್ಸೆಲ್ ಮುಖವನ್ನು 450ಕ್ಕೆ ಒಯ್ಯುವುದೆಂದರೆ ನಾಲ್ಕು ಪಟ್ಟಿಗಿಂತ ಹೆಚ್ಚು. ಯಾವ ಶಾರ್ಪನ್ ಕೂಡ ಅದನ್ನು ಉಳಿಸದು. ಅತ್ತೆಗೆ ಫೋನ್ ಮಾಡಿ, ಮೂಲ ಫೋಟೊವನ್ನು ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಮೂಲ 4000×3000 ಇದ್ದರೆ ಮುಖ 275 ಪಿಕ್ಸೆಲ್ ಆಗುತ್ತದೆ.

ಆಮೇಲೆ ಹಾಳೆಯನ್ನೇ ಸಣ್ಣದು ಮಾಡಿ: 3600×2400. ಹದಿನೆಂಟು ಇಂಚಿಗೆ ಇದು ಇಂಚಿಗೆ 200 ಪಿಕ್ಸೆಲ್. ಜಗಲಿಯಲ್ಲಿ ನಾಲ್ಕೈದು ಅಡಿ ದೂರದಿಂದ ನೋಡುವ ಫೋಟೊಗೆ ಧಾರಾಳ. ಆಗ ಪ್ರತಿ ಮುಖಕ್ಕೂ ಬೇಕಾದದ್ದು 300 ಪಿಕ್ಸೆಲ್. ಅತ್ತೆಯನ್ನು ಕೂದಲೆಳೆಯಷ್ಟು ಮಾತ್ರ ಹಿಗ್ಗಿಸಬೇಕು, ಉಳಿದವರನ್ನು ಕುಗ್ಗಿಸಬೇಕು. ಜೋಡಣೆಯ ಅಳತೆಯನ್ನು ಅತಿ ದುರ್ಬಲ ಚಿತ್ರ ನಿರ್ಧರಿಸಬೇಕು. ಗಟ್ಟಿ ಚಿತ್ರಕ್ಕೆ ತಕ್ಕಂತೆ ಹಾಳೆ ಹಾಕಿದ್ದೇ ನಿಮ್ಮ ತೊಂದರೆಯ ಬೇರು.

ಕಾಳಿನ, ಅಂದರೆ ನೀವು ರವೆ ಎಂದ ಆ ಚುಕ್ಕೆಗಳ ತಂಟೆಗೆ ಈಗಲೇ ಹೋಗಬೇಡಿ. ಕುಗ್ಗಿಸಿದಾಗ ಅಜ್ಜನ ಕಾಳು ತಾನಾಗಿ ಸ್ವಲ್ಪ ಇಳಿಯುತ್ತದೆ.

ಅಡಿಕೆತೋಟ, ಶಿರಸಿ

ಅತ್ತೆಯ ಮಗ ಮೂಲ ಫೋಟೊ ಕಳಿಸಿದ. 4000×3000, ಮುಖ ಸರಿಯಾಗಿ 275! ಕಣ್ಣಿನ ರೆಪ್ಪೆ ಸಹ ಕಾಣುತ್ತಿದೆ. ಅಜ್ಜ ಮತ್ತೆ ತೆಳ್ಳಗಾದರು, ಅಮ್ಮನಿಗೆ ಸಮಾಧಾನವಾಯಿತು. ಮೂರನ್ನೂ ಹೊಸ ಅಳತೆಗೆ ತಂದು ಕಪ್ಪು-ಬಿಳುಪು ಮಾಡಿದ್ದೇನೆ. ಆದರೂ ಅಜ್ಜ ಬೇರೆಯೇ ಕಾಣುತ್ತಾರೆ.

ಡಿಜಿಟಲ್ ಬಂಧು

ಡಿಪಿಐ ವಿಷಯ ಒಪ್ಪಿದೆ ಮಾವ. ಈಗ ಅಜ್ಜನ ಚಿತ್ರಕ್ಕೆ ಜೋರಾಗಿ ನಾಯ್ಸ್ ರಿಡಕ್ಷನ್ ಕೊಟ್ಟರೆ ಮುಗಿಯಿತಲ್ಲವೇ?

ಡಾರ್ಕ್‌ರೂಮ್ ಮಾವ, ಕಾರವಾರ

ಬೇಡ. ಜೋರಾಗಿ ಒರೆಸಿದರೆ ಕಾಳಿನ ಜೊತೆ ಅಜ್ಜನ ಕೆನ್ನೆಯ ಸುಕ್ಕು, ಗಡ್ಡದ ಕುರುಚಲು ಎಲ್ಲವೂ ಹೋಗುತ್ತವೆ. ಹಳೆಯ ಚಿತ್ರವನ್ನು ಅರ್ಧ ದಾರಿ ಇಳಿಸಬೇಕು, ಹೊಸದನ್ನು ಅರ್ಧ ದಾರಿ ಏರಿಸಬೇಕು.

ಕಣ್ಣಳತೆ ಸಾಲದು, ಅಳೆದು ನೋಡಿ. ಪ್ರತಿ ಚಿತ್ರದಲ್ಲೂ ಬೆಳಕು ಸಮವಾಗಿ ಬಿದ್ದ ಗೋಡೆಯ ಚಿಕ್ಕ ತುಂಡು ಆಯ್ದುಕೊಳ್ಳಿ, ಸುಮಾರು 50×50 ಪಿಕ್ಸೆಲ್. ನೆರಳಿನ ಇಳಿಜಾರು ಅದರೊಳಗೆ ಇರಬಾರದು, ಇದ್ದರೆ ಅಂಕಿ ಸುಳ್ಳು ಹೇಳುತ್ತದೆ. ಆಮೇಲೆ Windows > Dockable Dialogs > Histogram ತೆರೆದು Std dev ಓದಿ. ಆ ತುಂಡಿನಲ್ಲಿ ಪಿಕ್ಸೆಲ್‌ಗಳ ಹೊಳಪು ಎಷ್ಟು ಏರಿಳಿಯುತ್ತದೆ ಎಂಬುದರ ಅಂಕಿ ಅದು.

ಅಡಿಕೆತೋಟ, ಶಿರಸಿ

ಅಜ್ಜ 6.0, ಅಪ್ಪ-ಅಮ್ಮ 1.6, ಅತ್ತೆ 2.4.

ಡಾರ್ಕ್‌ರೂಮ್ ಮಾವ, ಕಾರವಾರ

ಚೆನ್ನಾಗಿದೆ. ಎಲ್ಲರೂ 4ರಲ್ಲಿ ಸೇರಲಿ. ಅಜ್ಜನನ್ನು ಮೆಲ್ಲಗೆ ಒರೆಸಿ 4ಕ್ಕೆ ಇಳಿಸಿ, ಅಲ್ಲಿಗೆ ನಿಲ್ಲಿಸಿ. ಉಳಿದವರಿಗೆ ಕಾಳು ಸೇರಿಸುವಾಗ ನೇರ ಕೂಡುವ ಲೆಕ್ಕ ಬಾರದು, ವರ್ಗಗಳು ಕೂಡುತ್ತವೆ:

```
ಅಪ್ಪ-ಅಮ್ಮ: √(4² − 1.6²) ≈ 3.7
ಅತ್ತೆ:      √(4² − 2.4²) = 3.2
```

ಅಪ್ಪ-ಅಮ್ಮನ ಮೇಲೆ 128ರ ಬೂದು ಬಣ್ಣದ ಹೊಸ ಲೇಯರ್ ಹಾಕಿ. ಅದಕ್ಕೆ RGB Noise ಕೊಡಿ, Independent RGB ಟಿಕ್ ತೆಗೆದಿರಿ. ಡಿಜಿಟಲ್ ಕಾಳು ಒಂದೊಂದು ಪಿಕ್ಸೆಲ್ಲಿನ ಚೂಪು ಚುಕ್ಕೆ, ಫಿಲ್ಮಿನ ಕಾಳು ಅದಕ್ಕಿಂತ ದಪ್ಪ, ಮೆತ್ತಗೆ. ಆದ್ದರಿಂದ ಆ ಲೇಯರಿಗೆ ಮುಕ್ಕಾಲು ಪಿಕ್ಸೆಲ್ಲಿನಷ್ಟು ಬ್ಲರ್ ಬೇಕು. ಬ್ಲರ್ ಮಾಡಿದ ಕೂಡಲೇ ಅಂಕಿ ಇಳಿಯುತ್ತದೆ. ನಾಯ್ಸ್ ಹೆಚ್ಚಿಸಿ ಮತ್ತೆ ಮಾಡಿ, ಲೇಯರಿನ Std dev 3.7 ಬರುವವರೆಗೆ. ಕೊನೆಗೆ ಲೇಯರ್ ಮೋಡ್ Grain merge. ಅತ್ತೆಗೂ ಹೀಗೆಯೇ 3.2.

ಒಂದು ಎಚ್ಚರ. ಫಿಲ್ಮಿನ ಕಾಳು ನಡುಬೂದಿನಲ್ಲಿ ಎದ್ದು ಕಾಣುತ್ತದೆ, ಅಚ್ಚ ಬಿಳಿಯಲ್ಲೂ ಗಾಢ ಕಪ್ಪಿನಲ್ಲೂ ಅಡಗುತ್ತದೆ. ಅಪ್ಪನ ಬಿಳಿ ಅಂಗಿಯ ಮೇಲೆ ಅಷ್ಟೇ ಕಾಳು ಬಿದ್ದರೆ ಕೊಳೆಯಾದಂತೆ ತೋರುತ್ತದೆ. ಲೇಯರ್ ಮಾಸ್ಕ್ ಹಾಕಿ ಅಲ್ಲಿ ತಗ್ಗಿಸಿ.

ತದಡಿ ದೋಣಿ

ಮಾವ, ಕೃತಕ ಕಾಳು ಯಾಕೆ? ಅಜ್ಜನ ಫೋಟೊದ ಕಾಳನ್ನೇ Grain extract ಮೋಡ್‌ನಲ್ಲಿ ಬೇರ್ಪಡಿಸಿ ಎಲ್ಲರ ಮೇಲೂ ಹಾಸಬಹುದಲ್ಲ. ಪದರ ನಕಲು ಮಾಡಿ, ಮೇಲಿನದನ್ನು ಬ್ಲರ್ ಮಾಡಿ, ಮೋಡ್ ಬದಲಿಸಿದರೆ ಕಾಳು ಮಾತ್ರ ಉಳಿಯುತ್ತದೆ. ಅಸಲಿ ಅಸಲಿಯೇ.

ಅಡಿಕೆತೋಟ, ಶಿರಸಿ

ಇದನ್ನೂ ಮಾಡಿ ನೋಡಿದೆ. ಕಾಳಿನ ಜೊತೆ ಜೇನುಗೂಡಿನಂಥ ಬಲೆಯೂ ಬಂತು! ಅಪ್ಪನ ಹಣೆಯ ಮೇಲೆಲ್ಲ ಆ ಬಲೆ.

ಡಾರ್ಕ್‌ರೂಮ್ ಮಾವ, ಕಾರವಾರ

ಹಾಗಾದರೆ ಅದು ಉಬ್ಬುತಗ್ಗಿನ ಕಾಗದದ ಮೇಲಿನ ಪ್ರಿಂಟ್. ಆ ಕಾಲದಲ್ಲಿ ಸ್ಟುಡಿಯೊಗಳು ಬೆರಳಚ್ಚು ಕಾಣದಿರಲೆಂದು ಇಷ್ಟಪಟ್ಟು ಬಳಸುತ್ತಿದ್ದವು. ಬಲೆ ಸ್ಕ್ಯಾನರಿನ ದೀಪ ಒಂದೇ ಬದಿಯಿಂದ ಬಿದ್ದಾಗಿನ ನೆರಳು. ನೀವು ಅಳೆದ 6.0ರಲ್ಲಿ ಈ ಬಲೆಯ ಪಾಲೂ ಇದೆ.

ಪ್ರಿಂಟನ್ನು ಒಮ್ಮೆ ನೇರವಾಗಿ, ಇನ್ನೊಮ್ಮೆ ತಲೆಕೆಳಗಾಗಿ ಸ್ಕ್ಯಾನ್ ಮಾಡಿಸಿ. ಎರಡನೆಯದನ್ನು 180 ಡಿಗ್ರಿ ತಿರುಗಿಸಿ, ಕಣ್ಣಿಗೆ ಕಣ್ಣು ಕೂಡಿಸಿ, 50% ಅಪಾರದರ್ಶಕತೆಯಲ್ಲಿ ಮೇಲಿಡಿ. ನೆರಳು ಎದುರುಬದುರಾಗಿ ಬಹಳಷ್ಟು ಅಳಿಯುತ್ತದೆ. ಆಮೇಲೆ ಅಳತೆ ಮೊದಲಿನಿಂದ. ತದಡಿಯವರ ಉಪಾಯ ನುಣುಪು ಕಾಗದದ ಪ್ರಿಂಟಿಗೆ ಬಹಳ ಒಳ್ಳೆಯದು, ಇದಕ್ಕೆ ಹೊಂದದು.

ಪ್ರಿಂಟ್ ಹಳೆಯ ಗಾಜಿಗೆ ಅಂಟಿಕೊಂಡಿದ್ದರೆ ಮಾತ್ರ ಕೀಳಬೇಡಿ. ನಮ್ಮ ಕರಾವಳಿಯ ತೇವಕ್ಕೆ ಎಷ್ಟೋ ಮನೆಗಳಲ್ಲಿ ಹೀಗಾಗುತ್ತದೆ, ಎಳೆದರೆ ಮುಖವೇ ಗಾಜಿನಲ್ಲಿ ಉಳಿದುಬಿಡುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ.

ಅಡಿಕೆತೋಟ, ಶಿರಸಿ

ಅಂಟಿಲ್ಲ, ಡಬ್ಬಿಯಲ್ಲಿತ್ತು. ಎರಡು ಸಲ ಸ್ಕ್ಯಾನ್ ಮಾಡಿಸಿ ಕೂಡಿಸಿದೆ. ಹೊಸ ಅಳತೆಗೆ ತಂದ ಮೇಲೆ 4.3 ಬಂತು! ಒರೆಸುವ ಅಗತ್ಯವೇ ಹೆಚ್ಚು ಬೀಳಲಿಲ್ಲ. ಕೃತಕ ಕಾಳನ್ನು ಎಲ್ಲರಿಗೂ ಹಾಕಿದೆ, ಅಂಗಿಗೆ ಮಾಸ್ಕ್ ಕೊಟ್ಟೆ. ಆದರೆ ಅಜ್ಜನ ಎಡಗೆನ್ನೆಯಲ್ಲಿ ಬಲೆ ಇನ್ನೂ ಸ್ವಲ್ಪ ಇದೆ.

ಡಾರ್ಕ್‌ರೂಮ್ ಮಾವ, ಕಾರವಾರ

ಪರದೆಯಲ್ಲಿ ನೂರು ಪ್ರತಿಶತಕ್ಕೆ ಹಿಗ್ಗಿಸಿ ಚಿಂತೆ ಮಾಡಬೇಡಿ. ಅಜ್ಜ ಮತ್ತು ಅಪ್ಪನ ಮುಖ ಎರಡೂ ಬರುವ ಹಾಗೆ 1200×800 ಪಿಕ್ಸೆಲ್ ಕತ್ತರಿಸಿ, 6×4 ಇಂಚಿನ ಪ್ರಿಂಟ್ ತೆಗೆಸಿ. ಇಂಚಿಗೆ 200 ಲೆಕ್ಕಕ್ಕೆ ಅದು ದೊಡ್ಡ ಪ್ರಿಂಟಿನ ನಿಜವಾದ ಗಾತ್ರ. ಲ್ಯಾಬಿನವರಿಗೆ ಶಾರ್ಪನ್ ಮಾಡಬೇಡಿ ಎಂದು ಬರೆದುಕೊಡಿ, ಇಲ್ಲದಿದ್ದರೆ ನೀವು ಹಾಕಿದ ಕಾಳನ್ನೆಲ್ಲ ಅವರು ಚೂಪು ಮಾಡುತ್ತಾರೆ.

ಅಡಿಕೆತೋಟ, ಶಿರಸಿ

ಪ್ರಿಂಟ್ ಬಂತು. ಗೋಡೆಗೆ ಅಂಟಿಸಿ ಐದು ಅಡಿ ದೂರ ನಿಂತು ನೋಡಿದೆವು. ಕೆನ್ನೆಯ ಬಲೆ ಹತ್ತಿರ ಹೋದರೆ ಮಾತ್ರ ಕಾಣುತ್ತದೆ. ಅಪ್ಪ ಬಹಳ ಹೊತ್ತು ನಿಂತಿದ್ದರು. ಅತ್ತೆಯ ಅಂಚುಗಳು ಮಾತ್ರ ಉಳಿದವರಿಗಿಂತ ಮೆತ್ತಗಿವೆ. ಅವರನ್ನು ಚೂಪು ಮಾಡಲೇ?

ಡಾರ್ಕ್‌ರೂಮ್ ಮಾವ, ಕಾರವಾರ

ಅತ್ತೆಯನ್ನು ಮುಟ್ಟಬೇಡಿ, ಅಪ್ಪ-ಅಮ್ಮನಿಗೆ ಅರ್ಧ ಪಿಕ್ಸೆಲ್ ಬ್ಲರ್ ಕೊಡಿ. ಕಾಳಿನ ಲೇಯರಿಗೆ ಅಲ್ಲ, ಅದರ ಕೆಳಗಿನ ಚಿತ್ರಕ್ಕೆ.

ಕಾಳಿ ದಂಡೆ, ಕಾರವಾರ

ಐಎಸ್‌ಒ ನೋಡಿದೆ: ಎಡಗಡೆಯ ಚಿತ್ರ 100, ಬಲಗಡೆಯದು 800. ಮಾವ ಹೇಳಿದ್ದೇ ನಿಜ. ಹಳೆಯ ಸೇತುವೆಯ ಚಿತ್ರ ಬೇರೆ ಲೆನ್ಸಿನದು, ನಿಂತ ಜಾಗವೂ ಬೇರೆ. ಕಂಬಗಳು ನೀರಿನ ಗೆರೆಗೆ ಕೂಡುತ್ತಲೇ ಇಲ್ಲ. ಯಾರಾದರೂ ಮಾಡಿದ್ದರೆ ತಿಳಿಸಿ.