ತುಟಿಗೆ ಫಿಲ್ಲರ್ ಬೇಕಾ, ಬರೀ ಆರೈಕೆ ಸಾಕಾ?

ಸಿಂಚನಾ: ಮುಂದಿನ ತಿಂಗಳು ನನ್ನ ನಿಶ್ಚಿತಾರ್ಥ. ತುಟಿ ತೆಳ್ಳಗಿದೆ, ಯಾವಾಗಲೂ ಒಡೆದಿರುತ್ತೆ. ಪಾರ್ಲರ್‌ನವರು "ಸೂಜಿ ಇಲ್ಲ, ಪೆನ್ನಲ್ಲೇ ಫಿಲ್ಲರ್ ಹಾಕ್ತೀವಿ, ಆರು ತಿಂಗಳಲ್ಲಿ ತಾನೇ ಕರಗುತ್ತೆ" ಅಂತಿದ್ದಾರೆ. ಹಾಕಿಸ್ಕೊಳ್ಲಾ, ಲಿಪ್ ಬಾಮ್ ಸಾಕಾ?

ರಮ್ಯಾ: ಹಾಕಿಸ್ಕೊ. ಅದು ತುಟಿ ಉಬ್ಬಿಸೋ ಹೈಯಲುರಾನಿಕ್ ಆಸಿಡ್ ಜೆಲ್, ಆ ಆಸಿಡ್ ನಮ್ಮ ಮೈಯಲ್ಲೇ ಇರೋದು. ಇಷ್ಟ ಆಗ್ಲಿಲ್ಲ ಅಂದ್ರೆ ಇಂಜೆಕ್ಷನ್ ಕೊಟ್ಟು ಕರಗಿಸ್ತಾರೆ.

ಶಾರದಮ್ಮ: ತುಟಿ ಕಪ್ಪಾಗಿದ್ರೆ ರಾತ್ರಿ ಬೆಣ್ಣೆ ಹಚ್ಚಮ್ಮ, ಕೆಂಪಗಾಗುತ್ತೆ ಅಂತಾರೆ.

ಸಿಂಚನಾ: ಕಪ್ಪಾಗಿಲ್ಲ ಆಂಟಿ, ಒಡೀತಿದೆ.

ಚರ್ಮವೈದ್ಯೆ: ಆ ಪೆನ್ ಮಾತ್ರ ಬೇಡಮ್ಮ. ಅದು ಜೆಲ್ಲನ್ನು ಒತ್ತಡದಿಂದ ಒಳಕ್ಕೆ ನುಗ್ಗಿಸುತ್ತೆ, ಎಷ್ಟು ಆಳಕ್ಕೆ ಹೋಯ್ತು ಅನ್ನೋದು ಹಾಕುವವರ ಕೈಲಿರಲ್ಲ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರಲ್ಲೇ ಇದರ ಬಗ್ಗೆ ಎಚ್ಚರಿಸಿದೆ.

ರಮ್ಯಾ, ಕರಗಿಸೋ ಔಷಧಿ ಇರೋದು ನಿಜ, ಹೈಯಲುರೊನಿಡೇಸ್ ಅಂತ. ಆದ್ರೆ ಜೆಲ್ ರಕ್ತನಾಳದಲ್ಲಿ ಸಿಕ್ಕಿಕೊಂಡ್ರೆ ಆ ಔಷಧಿನ ಕೂಡಲೇ ಕೊಡಬೇಕು, ತಡವಾದ್ರೆ ಚರ್ಮ ಸಾಯಬಹುದು. ಹಾಗೆ ಸಿಕ್ಕಿಕೊಂಡಾಗ ತುಟಿ ಅಥವಾ ಸುತ್ತಲಿನ ಚರ್ಮ ಬಿಳುಚಿಕೊಳ್ಳುತ್ತೆ, ಆಮೇಲೆ ಬಲೆ ಬಲೆಯಾಗಿ ನೇರಳೆ ಬಣ್ಣ ಬರುತ್ತೆ. ಬೆರಳಲ್ಲಿ ಒತ್ತಿ ಬಿಟ್ರೆ ಬಣ್ಣ ವಾಪಸ್ ಬರೋದು ನಿಧಾನ. ಮರಗಟ್ಟಿಸೋ ಔಷಧಿ ಹಾಕಿರೋದ್ರಿಂದ ನೋವು ಗೊತ್ತಾಗದೇ ಇರಬಹುದು. ಹಾಕುವವರ ಹತ್ರ ಕರಗಿಸೋ ಔಷಧಿ ಇದೆಯಾ ಅಂತ ಮೊದಲೇ ಕೇಳಬೇಕು.

ದೀಪಾ: ನಾನು ವೈದ್ಯರ ಹತ್ರಾನೇ 1 ಎಂಎಲ್ ಹಾಕಿಸಿದ್ದೆ. ಎರಡು ಮೂರು ದಿನ ಊದಿಕೊಂಡು ಆಮೇಲೆ ಚೆನ್ನಾಗೇ ಕಾಣ್ತಿತ್ತು. ಇಳಿದಂಗೆ ಅನ್ನಿಸಿದಾಗೆಲ್ಲ ಮತ್ತೆ ಹಾಕಿಸಿದೆ. ಜೆಲ್ ಮೇಲಕ್ಕೆ ಸರಿದು ತುಟಿಯ ಗೆರೆ ಅಳಿಸಿಹೋಯ್ತು, ಮೀಸೆ ಜಾಗ ಉಬ್ಬಿತು. ಕೊನೆಗೆ ಕರಗಿಸಬೇಕಾಯ್ತು.

ಚರ್ಮವೈದ್ಯೆ: ಆರು ತಿಂಗಳಿಂದ ವರ್ಷದೊಳಗೆ ನೋಟಕ್ಕೆ ಇಳಿಯುತ್ತೆ ಅಷ್ಟೇ. ವರ್ಷಗಳ ನಂತರವೂ ಮುಖದಲ್ಲಿ ಜೆಲ್ ಉಳಿದಿದ್ದು ಸ್ಕ್ಯಾನ್‌ನಲ್ಲಿ ಕಂಡಿದೆ. ಹಳೇದಿರುವಾಗಲೇ ಅದರ ಮೇಲೆ ಹಾಕಿದ್ರೆ ಹೀಗಾಗಬಹುದು.

ಸಿಂಚನಾ, ಒಡೆಯೋದಕ್ಕೆ ಫಿಲ್ಲರ್ ಮದ್ದಲ್ಲ. ತುಟಿ ನೆಕ್ಕೋ ಅಭ್ಯಾಸ ಇದೆಯಾ? ಯಾವ ಪೇಸ್ಟ್, ಯಾವ ಬಾಮ್?

ಸಿಂಚನಾ: ನೆಕ್ಕೋದಿದೆ. ದಾಲ್ಚಿನ್ನಿ ಪೇಸ್ಟ್, ತಣ್ಣಗೆ ಚುರುಗುಟ್ಟೋ ಪುದೀನ ಬಾಮ್.

ಚರ್ಮವೈದ್ಯೆ: ಪೇಸ್ಟ್, ಬಾಮ್ ಎರಡರಲ್ಲಿ ಯಾವುದು ಬೇಕಾದ್ರೂ ಕಾರಣ ಇರಬಹುದು, ಎರಡನ್ನೂ ಬಿಡಿ. ಮಲಗುವಾಗ ವಾಸನೆಯಿಲ್ಲದ ಪೆಟ್ರೋಲಿಯಂ ಜೆಲ್ಲಿ ದಪ್ಪಗೆ ಹಚ್ಚಿ, ನೆಕ್ಕಬೇಕು ಅನ್ನಿಸಿದಾಗಲೂ ಅದನ್ನೇ. ಹಗಲು ಎಸ್‌ಪಿಎಫ್ ಇರೋ ಬಾಮ್. ಸಿಪ್ಪೆ ಕೀಳಬೇಡಿ. ಎರಡು ಮೂರು ವಾರದಲ್ಲಿ ಕಡಿಮೆಯಾಗದಿದ್ರೆ ತೋರಿಸಿ. ತುಟಿ ದಪ್ಪ ಆಗಲ್ಲ, ಆದ್ರೆ ನಯವಾದ ತುಟಿಗೆ ಲಿಪ್‌ಸ್ಟಿಕ್ ಸರಿಯಾಗಿ ಕೂರುತ್ತೆ.

ರಮ್ಯಾ: ಪೆನ್ ಬೇಡ, ಒಪ್ಪಿದೆ. ಆದ್ರೂ ವೈದ್ಯರ ಹತ್ರ ಅರ್ಧ ಎಂಎಲ್ ಹಾಕಿಸಿದ್ರೆ ಯಾರಿಗೂ ಗೊತ್ತಾಗಲ್ಲ. ಅತಿಯಾದಾಗ ಮಾತ್ರ ಬಾತುಕೋಳಿ ಮೂತಿ.

ದೀಪಾ: ನಂದೂ ಮೊದಲು ಯಾರಿಗೂ ಗೊತ್ತಾಗಿರ್ಲಿಲ್ಲ ರಮ್ಯಾ.

ಚರ್ಮವೈದ್ಯೆ: ಒಡಕು ವಾಸಿಯಾಗೋ ತನಕ ಸೂಜಿ ಬೇಡ. ಜ್ವರದ ಗುಳ್ಳೆ ತುಟಿ ಮೇಲೆ ಯಾವಾಗಾದ್ರೂ ಎದ್ದಿದ್ರೆ ವೈದ್ಯರಿಗೆ ಮುಂಚೆಯೇ ಹೇಳಿ, ಸೂಜಿ ಚುಚ್ಚಿದ್ರೆ ಮತ್ತೆ ಏಳಬಹುದು.

ಸಿಂಚನಾ: ಕಾಲೇಜಲ್ಲಿದ್ದಾಗ ಎದ್ದಿತ್ತು ಮೇಡಂ. ಪಾರ್ಲರ್‌ನಲ್ಲಿ ಅದನ್ನ ಕೇಳಲೇ ಇಲ್ಲ.