ಶೀರ್ಷಿಕೆ ಬದಲಿಸಿದ ಮೇಲೆ ಭೇಟಿ ಹೆಚ್ಚಾಗಿದೆ. ಕಾರಣ ಅದೇ ಎಂದು ತಿಳಿಯುವುದು ಹೇಗೆ?

ಬುಗುರಿಮನೆ:
ಎಟ್ಸಿಯಲ್ಲಿ ಚನ್ನಪಟ್ಟಣದ ಮರದ ಆಟಿಕೆಗಳನ್ನು ಮಾರುತ್ತೇನೆ. ಕೊಳ್ಳುವವರು ಹೆಚ್ಚಾಗಿ ಅಮೆರಿಕದವರು. ಲಿಸ್ಟಿಂಗ್ ತಿದ್ದಿದಾಗಲೆಲ್ಲ ದಿನಾಂಕ ಹಾಕಿ ಶೀಟ್‌ನಲ್ಲಿ ಬರೆದಿಡುತ್ತೇನೆ. ಅಕ್ಟೋಬರ್ 12ರಂದು ಗಿಲಕಿಯ ಶೀರ್ಷಿಕೆಯನ್ನು ಮಾತ್ರ ಬದಲಿಸಿದೆ.

```
ಹಳೆಯದು: Channapatna Gilaki Handmade Wooden Toy
ಹೊಸದು: Wooden Baby Rattle, Handmade in Channapatna
```

ಅದಕ್ಕೆ ಮೊದಲಿನ 14 ದಿನಗಳಲ್ಲಿ 210 ಭೇಟಿ, 4 ಆರ್ಡರ್. ನಂತರದ 14 ದಿನಗಳಲ್ಲಿ 390 ಭೇಟಿ, 5 ಆರ್ಡರ್. ಉಳಿದ ಲಿಸ್ಟಿಂಗ್‌ಗಳ ಶೀರ್ಷಿಕೆಗಳನ್ನೂ ಇದೇ ರೀತಿ ಬದಲಿಸಬಹುದೇ?

ಪೇಟೆಬೀದಿ:
ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿದ್ದೀರಿ, ಅದು ಸರಿಯಾದ ಕ್ರಮ. ಭೇಟಿ ಹೆಚ್ಚುಕಡಿಮೆ ಇಮ್ಮಡಿಯಾಗಿರುವಾಗ ಅನುಮಾನವೇಕೆ? ಎಲ್ಲಕ್ಕೂ ಹಾಕಿ. ಆದರೆ ನೂರು ಭೇಟಿಗೆ ಎರಡರ ಹತ್ತಿರ ಇದ್ದ ಆರ್ಡರ್ ಈಗ ಒಂದೂಕಾಲಿನಷ್ಟಕ್ಕೆ ಇಳಿದಿದೆ. ಬೆಲೆ ಕಡಿಮೆ ಮಾಡಿ ನೋಡಿ.

ಕಸೂತಿಮನೆ:
ನನಗೂ ಇದೇ ತೊಂದರೆ. ಕಸೂತಿ ದುಪಟ್ಟಾದ ವಿವರಣೆಯನ್ನು ತಿದ್ದಿದ ಮೇಲೆ ಆರ್ಡರ್ ನಿಂತುಹೋಯಿತು. ಹಳೆಯ ವಿವರಣೆಯನ್ನು ಮರಳಿ ತರುವುದು ಹೇಗೆ?

ಕಿರ್ದಿಪುಸ್ತಕ:
ಬುಗುರಿಮನೆಯವರೇ, ಬೆಲೆಯನ್ನು ಈಗ ಮುಟ್ಟಬೇಡಿ. ನಾಲ್ಕು ಆರ್ಡರ್ ಐದಾಗುವುದು ಯಾವ ಕಾರಣವೂ ಇಲ್ಲದೆ ಆಗುತ್ತದೆ, ಐದು ಎರಡಾಗುವುದೂ ಹಾಗೆಯೇ. ಇಷ್ಟು ಸಣ್ಣ ಸಂಖ್ಯೆಯಿಂದ ಬೆಲೆಯ ಬಗ್ಗೆ ಏನನ್ನೂ ಹೇಳಲಾಗದು.

ಶೀರ್ಷಿಕೆಯ ಕೆಲಸ ಮುಖ್ಯವಾಗಿ ಹುಡುಕಾಟದಲ್ಲಿ. ಆದ್ದರಿಂದ ಒಟ್ಟು ಭೇಟಿಯನ್ನು ಬಿಟ್ಟು, ಎಟ್ಸಿಯ ಹುಡುಕಾಟದಿಂದ ಬಂದ ಭೇಟಿಯನ್ನು ಮಾತ್ರ ನೋಡಿ. ಅದರ ಪಕ್ಕದಲ್ಲಿ, ಅದೇ ದಿನಗಳಲ್ಲಿ ನೀವು ಮುಟ್ಟದೇ ಬಿಟ್ಟ ಇನ್ನೊಂದು ಆಟಿಕೆಯ ಲೆಕ್ಕವನ್ನೂ ಇಡಿ. ಕ್ರಿಸ್‌ಮಸ್ ಹತ್ತಿರವಾಗುತ್ತಿದ್ದಂತೆ ಆಟಿಕೆ ಹುಡುಕುವವರು ತಾವಾಗಿಯೇ ಹೆಚ್ಚುತ್ತಾರೆ, ಆ ಏರಿಕೆಯನ್ನು ಕಳೆಯದೆ ಶೀರ್ಷಿಕೆಯ ಪಾಲು ಕಾಣುವುದಿಲ್ಲ. ಆ ದಿನಗಳಲ್ಲಿ ಜಾಹೀರಾತು, ರಿಯಾಯಿತಿ, ಇನ್‌ಸ್ಟಾಗ್ರಾಂ ರೀಲ್ ಏನಾದರೂ ಇತ್ತೇ? ಲಿಸ್ಟಿಂಗ್ ನವೀಕರಣವಾಯಿತೇ? ನಾಲ್ಕು ತಿಂಗಳಿಗೊಮ್ಮೆ ಅವಧಿ ಮುಗಿದು ನವೀಕರಣವಾದಾಗ ಹುಡುಕಾಟದಲ್ಲಿ ಸ್ವಲ್ಪ ಕಾಲ ಚಿಕ್ಕದೊಂದು ಮೇಲೇರಿಕೆ ಸಿಗುತ್ತದೆ. ಅದು ತಿದ್ದುಪಡಿಯ ದಿನವೇ ಬಿದ್ದರೆ ಎರಡನ್ನೂ ಬೇರ್ಪಡಿಸಲು ಆಗುವುದಿಲ್ಲ.

ಕಸೂತಿಮನೆಯವರೇ, ತಿದ್ದಿ ಉಳಿಸಿದ ಮೇಲೆ ಹಳೆಯ ಬರಹ ಪುಟದಲ್ಲಿ ಉಳಿಯುವುದಿಲ್ಲ. ನಿಮ್ಮ ಕಂಪ್ಯೂಟರ್‌ನಲ್ಲಿ ಪ್ರತಿ ಇದೆಯೇ ನೋಡಿ. ಮುಂದೆ ತಿದ್ದುವ ಮೊದಲು ಹಳೆಯದನ್ನು ಅಕ್ಷರಶಃ ಶೀಟ್‌ಗೆ ನಕಲಿಸಿ. "ವಿವರಣೆ ಸುಧಾರಿಸಿದೆ" ಎಂಬ ಟಿಪ್ಪಣಿಯಿಂದ ಹಿಂದಕ್ಕೆ ಹೋಗಲು ಆಗದು.

ಬುಗುರಿಮನೆ:
ನವೀಕರಣವಾಗಿಲ್ಲ. ಆದರೆ ಅಕ್ಟೋಬರ್ 15ರಂದು ಅರಗಿನ ಬಣ್ಣ ಹಚ್ಚುವ ರೀಲ್ ಹಾಕಿದ್ದೆ. ಗಿಲಕಿಗೆ ಹುಡುಕಾಟದಿಂದ ಬಂದ ಭೇಟಿ ಮೊದಲು 120, ನಂತರ 140. ನಾನು ಮುಟ್ಟದ ಬಳೆಗೋಪುರದ ಆಟಿಕೆಗೆ ಮೊದಲು 100, ನಂತರ 118.

ಕಿರ್ದಿಪುಸ್ತಕ:
ಹಾಗಾದರೆ ಹೆಚ್ಚಾದ 180 ಭೇಟಿಗಳಲ್ಲಿ ಹುಡುಕಾಟದಿಂದ ಬಂದದ್ದು 20 ಮಾತ್ರ. ಉಳಿದ 160 ಹುಡುಕಾಟದ ಹೊರಗಿನಿಂದ ಬಂದಿವೆ, ಬಹುಪಾಲು ರೀಲ್‌ನಿಂದಲೇ ಇರಬೇಕು. ರೀಲ್ ನೋಡಿ ಬಂದವರು ಸುಮ್ಮನೆ ಕಣ್ಣಾಡಿಸಿ ಹೋಗುವುದು ಹೆಚ್ಚು. ಭೇಟಿ ಏರಿದರೂ ಆರ್ಡರ್ ಏರದಿದ್ದುದಕ್ಕೆ ಇದೇ ಕಾರಣವಾಗಿರಬಹುದು. ಹುಡುಕಾಟದ ಲೆಕ್ಕದಲ್ಲಿ ಗಿಲಕಿ ಶೇ 17ರಷ್ಟು ಏರಿದೆ, ಮುಟ್ಟದ ಆಟಿಕೆ ಶೇ 18ರಷ್ಟು. ಶೀರ್ಷಿಕೆಯಿಂದ ಲಾಭವಾಯಿತು ಎನ್ನಲು ಈ ಅಂಕಿಗಳಲ್ಲಿ ಆಧಾರವಿಲ್ಲ. ನಿಮ್ಮ ಶೀಟ್‌ನ ಸಾಲು ಹೀಗಿರಲಿ:

```
ದಿನಾಂಕ: ಅಕ್ಟೋಬರ್ 12
ಬದಲಿಸಿದ್ದು: ಶೀರ್ಷಿಕೆ (ಹಳೆಯದು, ಹೊಸದು ಪೂರ್ತಿ)
ನಿರೀಕ್ಷೆ: ಹುಡುಕಾಟದ ಭೇಟಿ ಏರಬೇಕು
ಬೇರೆ ಘಟನೆ: 15ರಂದು ರೀಲ್
ಗಿಲಕಿ: 120 -> 140
ಮುಟ್ಟದ ಆಟಿಕೆ: 100 -> 118
ತೀರ್ಮಾನ: ಪರಿಣಾಮ ಕಾಣಲಿಲ್ಲ
```

ನಿರೀಕ್ಷೆಯನ್ನು ತಿದ್ದುವ ದಿನವೇ ಬರೆಯಿರಿ. ಇಲ್ಲದಿದ್ದರೆ ಯಾವ ಅಂಕಿ ಏರಿದೆಯೋ ಅದನ್ನೇ ಗೆಲುವು ಎಂದುಕೊಳ್ಳುತ್ತೇವೆ. ಮೊದಲ ಫೋಟೊ ಬದಲಿಸುವಾಗ ನಿರೀಕ್ಷೆ ಬೇರೆ: ಪಟ್ಟಿಯಲ್ಲಿ ಕಂಡವರಲ್ಲಿ ಒತ್ತಿ ಒಳಗೆ ಬರುವವರ ಪಾಲು. ವಿವರಣೆಯನ್ನು ತಿದ್ದಿದರೆ ನೋಡಬೇಕಾದದ್ದು ಬಂದವರಲ್ಲಿ ಕೊಂಡವರ ಪಾಲು.

ಪೇಟೆಬೀದಿ:
ಯಾವ ಪದಗಳಿಂದ ಹುಡುಕಿ ಬಂದರು ಎಂಬುದನ್ನೂ ನೋಡಬೇಕಲ್ಲವೇ? `baby rattle` ಎಂದು ಹುಡುಕಿದವರು ಈಗ ಬರುತ್ತಿದ್ದರೆ, ಸಂಖ್ಯೆ ಏರದಿದ್ದರೂ ಶೀರ್ಷಿಕೆ ಕೆಲಸ ಮಾಡಿದೆ ಎಂದೇ ನಾನು ಹೇಳುತ್ತೇನೆ.

ಕಿರ್ದಿಪುಸ್ತಕ:
ಒಪ್ಪುತ್ತೇನೆ, ಅದು ಒಳ್ಳೆಯ ಸುಳಿವು. ಆ ಪದಗಳನ್ನೂ ಸಾಲಿನಲ್ಲಿ ಸೇರಿಸಿ.

ಬುಗುರಿಮನೆ:
ಈಗ ನೋಡಿದೆ. `wooden baby rattle` ಎಂಬುದು ಹೊಸದಾಗಿ ಕಾಣಿಸಿಕೊಂಡಿದೆ, `channapatna toy` ಕಡಿಮೆಯಾಗಿದೆ. ಊರಿನ ಹೆಸರು ಬರೆದು ಹುಡುಕುವವರು ಕೊಳ್ಳುವ ಮನಸ್ಸಿನಿಂದಲೇ ಬರುತ್ತಾರೆ ಎಂದು ನನಗೆ ಅನಿಸುತ್ತದೆ. ಅವರನ್ನು ಕಳೆದುಕೊಂಡೆನೇ?

ಕಿರ್ದಿಪುಸ್ತಕ:
ತಿಂಗಳಿಗೆ ಎಂಟು ಹತ್ತು ಆರ್ಡರ್‌ಗಳಲ್ಲಿ ಅದು ಬೇಗ ತಿಳಿಯುವುದಿಲ್ಲ. ಹಬ್ಬದ ಸಂತೆ ಮುಗಿದ ಮೇಲೆ, ಫೆಬ್ರುವರಿಯಲ್ಲಿ, ಹಳೆಯ ಶೀರ್ಷಿಕೆಯನ್ನು 14 ದಿನ ಮತ್ತೆ ಹಾಕಿ ಹುಡುಕಾಟದ ಭೇಟಿ ಹೇಗೆ ಬದಲಾಗುತ್ತದೆ ಎಂದು ನೋಡಿ.

ಕಸೂತಿಮನೆ:
ಇರುವ ಆರ್ಡರ್ ಕೆಡಿಸಿಕೊಂಡು ಪರೀಕ್ಷೆ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಕಡಿಮೆ ಮಾರಾಟವಿರುವ ಇನ್ನೊಂದು ಆಟಿಕೆಯಲ್ಲಿ ಮಾಡಬಾರದೇ?

ಬುಗುರಿಮನೆ:
ಅದಕ್ಕೆ ಭೇಟಿಯೇ ವಾರಕ್ಕೆ ಹತ್ತು ಹನ್ನೆರಡು. ಗಿಲಕಿಯಲ್ಲೇ ಮಾಡುತ್ತೇನೆ, ಆ ಎರಡು ವಾರ ರೀಲ್ ಹಾಕುವುದಿಲ್ಲ.