ಮಗುವಿನ ದನಿ ಬರ್ತಿಲ್ಲ, ನಾಲ್ಕನೇ ಕರಡೂ ಹಾಳಾಯ್ತು

ಮಸಿಕಲೆ:
ತಲೆ ಕೆಟ್ಟುಹೋಗಿದೆ. ಮೊದಲು ಈ ಕಥೆಯನ್ನು ದೊಡ್ಡವಳೊಬ್ಬಳು ನೆನಪಿಸಿಕೊಳ್ಳುವ ಹಾಗೆ ಬರೆದಿದ್ದೆ. ಈಗ ಅದನ್ನೇ ಮಗುವಿನ ಬಾಯಲ್ಲಿ ಹೇಳಿಸಬೇಕು. ಚಿಕ್ಕ ಪದ ಹಾಕಿದೆ, ವಾಕ್ಯ ತುಂಡು ಮಾಡಿದೆ. ಓದಿದವರೆಲ್ಲ "ಇದು ಮಗು ಅಲ್ಲ, ಮಗುವಿನ ವೇಷ ಹಾಕಿದ ದೊಡ್ಡವರು" ಅಂತಾರೆ. ಹಳೆಯದು ಹೀಗಿತ್ತು:

> ಸಾಲದ ಹೊರೆ ತಾಳಲಾರದೆ ನನ್ನ ತಂದೆ, ಅಜ್ಜನ ಕಾಲದಿಂದ ಗೋಡೆಯ ಮೇಲಿದ್ದ ಗಡಿಯಾರವನ್ನು ಮಾರಿಬಿಟ್ಟಿದ್ದರು. ಅಮ್ಮನ ಮೌನದಲ್ಲಿದ್ದ ಅವಮಾನ ಆಗ ನನಗೆ ಅರ್ಥವಾಗಿರಲಿಲ್ಲ.

ಈಗಿನದು:

> ಅಪ್ಪನಿಗೆ ಸಾಲ ಇತ್ತು. ಅಪ್ಪ ಗಡಿಯಾರ ಮಾರಿದ. ಅಮ್ಮ ಸುಮ್ಮನಿದ್ದಳು. ಅಮ್ಮನಿಗೆ ಅವಮಾನ ಆಗಿತ್ತು. ನನಗೆ ಗೊತ್ತಾಗಲಿಲ್ಲ.

ಇದಕ್ಕಿಂತ ಚಿಕ್ಕ ಪದ ಎಲ್ಲಿಂದ ತರಲಿ?

ರಾತ್ರಿಪಾಳಿ:
ಸಮಸ್ಯೆ ಕಾಲದ್ದು. ಭೂತಕಾಲ ಅಂದರೇನೇ ನೆನಪು. ಎಲ್ಲವನ್ನೂ ವರ್ತಮಾನಕ್ಕೆ ತಿರುಗಿಸಿ, ಐದು ನಿಮಿಷದ ಕೆಲಸ.

ಮಸಿಕಲೆ:
ಮಾಡಿ ನೋಡಿದೆ. "ಅಪ್ಪನಿಗೆ ಸಾಲ ಇದೆ. ಅಪ್ಪ ಗಡಿಯಾರ ಮಾರುತ್ತಾನೆ. ಅಮ್ಮ ಸುಮ್ಮನಿದ್ದಾಳೆ." ಆಟದ ವೀಕ್ಷಕ ವಿವರಣೆ ಕೇಳಿದ ಹಾಗಿದೆ.

ರಾತ್ರಿಪಾಳಿ:
ಪೂರ್ತಿ ಕಥೆಗೆ ಮಾಡಿ ನೋಡಿ. ಒಂದು ಪ್ಯಾರಾದಲ್ಲಿ ಗೊತ್ತಾಗಲ್ಲ.

ಹಾಳೆಅಂಚು:
ಮಕ್ಕಳಿಗೆ ಬರೆಯುವಾಗ ಸಾಲ, ಅವಮಾನ ಇಂಥದ್ದೆಲ್ಲ ಬೇಡ. ಒಂದೇ ಮಾತು ಮೂರು ಸಲ ಬಂದರೆ ಅವರಿಗೆ ಖುಷಿ. ನಾನು ಪ್ರತಿ ಪುಟಕ್ಕೆ ಒಂದು ಚಿತ್ರ ಅಂತ ಲೆಕ್ಕ ಇಟ್ಟುಕೊಂಡು ಬರೆಯುತ್ತೇನೆ.

ಮಸಿಕಲೆ:
ಇದು ಮಕ್ಕಳಿಗೆ ಅಲ್ಲ ಸರ್. ಓದುವವರು ದೊಡ್ಡವರೇ. ಹೇಳುವವಳು ಮಾತ್ರ ಮಗು.

ಮೂರನೇಕರಡು:
ಎರಡು ಪ್ರಶ್ನೆ. ಹುಡುಗಿಗೆ ಎಷ್ಟು ವರ್ಷ? ಗಡಿಯಾರ ಹೋಗುವಾಗ ಅವಳು ಎಲ್ಲಿದ್ದಳು?

ಮಸಿಕಲೆ:
ಏಳು. ಶಾಲೆಯಲ್ಲಿದ್ದಳು. ಅದು ಅಷ್ಟು ಮುಖ್ಯಾನಾ?

ಮೂರನೇಕರಡು:
ಶಾಲೆಯಲ್ಲಿದ್ದಳು ಅನ್ನೋದನ್ನ ಮೊದಲೇ ಹೇಳಬೇಕಿತ್ತು! ಅಂದರೆ ಮಾರಿದ್ದನ್ನು ಅವಳು ನೋಡಿಯೇ ಇಲ್ಲ. ಸಾಲದ ವಿಷಯ ಅವಳಿಗೆ ಯಾರೂ ಹೇಳಿರಲ್ಲ. ನೀವು ಪದ ಚಿಕ್ಕದು ಮಾಡಿದ್ದೀರಿ, ತಿಳಿವಳಿಕೆ ಹಾಗೇ ಇದೆ. ನಿಮ್ಮ ಕೊನೇ ಎರಡು ವಾಕ್ಯ ಒಟ್ಟಿಗೆ ಓದಿ. "ಅಮ್ಮನಿಗೆ ಅವಮಾನ ಆಗಿತ್ತು. ನನಗೆ ಗೊತ್ತಾಗಲಿಲ್ಲ." ಗೊತ್ತಾಗದಿದ್ದರೆ ಹಿಂದಿನ ವಾಕ್ಯ ಹೇಳಿದ್ದು ಯಾರು?

ಪ್ರತಿ ವಾಕ್ಯದ ಪಕ್ಕ ಒಂದು ಗುರುತು ಹಾಕಿ: ಕಣ್ಣಿಂದ ನೋಡಿದ್ದು, ಕಿವಿಯಿಂದ ಕೇಳಿದ್ದು, ಆಮೇಲೆ ತಿಳಿದದ್ದು. ಮೂರನೆಯದನ್ನು ಸುಲಭ ಪದಕ್ಕೆ ಇಳಿಸಬೇಡಿ, ತೆಗೆದುಹಾಕಿ. ನಿಮ್ಮ ಐದರಲ್ಲಿ ಉಳಿಯೋದು "ಅಮ್ಮ ಸುಮ್ಮನಿದ್ದಳು" ಒಂದೇ. ಅದೂ ಸಾರಾಂಶ. ಆಗ ಅಮ್ಮನ ಕೈ ಏನು ಮಾಡುತ್ತಿತ್ತು?

ರಾತ್ರಿಪಾಳಿ:
ಇದೆಲ್ಲ ಸರಿ, ಆದರೆ ವರ್ತಮಾನಕ್ಕೆ ತಂದರೆ "ಆಮೇಲೆ ತಿಳಿದದ್ದು" ತಾನಾಗೇ ಉದುರುತ್ತೆ.

ಮೂರನೇಕರಡು:
ಸ್ವಲ್ಪ ನಿಜ. ಆದರೆ "ಅಪ್ಪನಿಗೆ ಸಾಲ ಇದೆ" ವರ್ತಮಾನದಲ್ಲೇ ಇದೆ, ಉದುರಿತಾ? ತೊಂದರೆ ಕೊಡೋದು ಎಲ್ಲಾ ಭೂತಕಾಲವೂ ಅಲ್ಲ. "ಮಾರಿಬಿಟ್ಟಿದ್ದರು", "ಅರ್ಥವಾಗಿರಲಿಲ್ಲ" ಥರದ್ದು ಬಂದ ಕಡೆ ಅನುಮಾನಪಡಿ. ಅದು ವರ್ಷಗಳಾಚೆ ನಿಂತು ತಿರುಗಿ ನೋಡೋರ ರೂಪ. ಮಗು "ಬಂದೆ, ನೋಡಿದೆ, ಬಿದ್ದೆ" ಅಂತ ಧಾರಾಳವಾಗಿ ಹೇಳುತ್ತೆ.

ಇನ್ನೊಂದು. ಕೇಳಿದ್ದನ್ನು ಹೇಳೋಕೆ ನಮ್ಮ ಭಾಷೆಯಲ್ಲಿ "ಅಂತೆ" ಇದೆ. ದೊಡ್ಡವರು ಹೇಳಿದ ಸುಳ್ಳನ್ನು ಹುಡುಗಿ ಅದರಲ್ಲೇ ದಾಟಿಸಬಹುದು. ಅವಳು ನಂಬಿದಳಾ ಇಲ್ಲವಾ, ನೀವು ಹೇಳೋದೇ ಬೇಡ.

ಕಾಗುಣಿತ:
ಮಗು ಅಂದಮೇಲೆ ಉಚ್ಚಾರಣೆಯೂ ಇರಬೇಕಲ್ವಾ? "ಗಡಿಯಾಲ" ಅಂತ ಬರೆದರೆ ಮುದ್ದಾಗಿರುತ್ತೆ.

ಹಾಳೆಅಂಚು:
ಏಳು ವರ್ಷಕ್ಕೆ ತೊದಲೋದಿಲ್ಲ ಮಾರಾಯ್ರೆ.

ಕಾಗುಣಿತ:
ಕೆಲವು ಮಕ್ಕಳು ತೊದಲುತ್ತಾರೆ. ಹೋಗಲಿ. "ಅಪ್ಪ ಮಾರಿದ" ಅಂತ ಏಕವಚನ ಯಾಕೆ? ನಾವೆಲ್ಲ "ಅಪ್ಪ ಬಂದರು" ಅಂದವರು.

ರಾತ್ರಿಪಾಳಿ:
ಅಪ್ಪನಿಗೆ ಬಹುವಚನ ಹಾಕಿದರೆ ಮಗು ಭಾಷಣ ಮಾಡಿದ ಹಾಗಿರುತ್ತೆ.

ಕಾಗುಣಿತ:
ನಿಮ್ಮ ಮನೇಲಿ ಇರಬಹುದು. ನಮ್ಮಲ್ಲಿ ಏಕವಚನ ಅಂದರೆ ಏಟು.

ಮಸಿಕಲೆ:
ದಯವಿಟ್ಟು ಇಲ್ಲಿ ಜಗಳ ಬೇಡ. ಹೊಸದು ನೋಡಿ. ಗುರುತು ಹಾಕಿ ಬರೆದೆ:

> ಶಾಲೆಯಿಂದ ಬಂದೆ. ಗೋಡೆಯಲ್ಲಿ ಗಡಿಯಾರ ಇರಲಿಲ್ಲ. ಅದು ಇದ್ದ ಕಡೆ ಬೆಳ್ಳಗಿತ್ತು, ಕಳೆದುಹೋದ ಕಾಲದ ಕಣ್ಣಿನ ಹಾಗೆ. ಮೊಳೆ ಹಾಗೇ ಇತ್ತು. ಗಡಿಯಾರ ರಿಪೇರಿಗೆ ಹೋಗಿದೆಯಂತೆ. ಅಪ್ಪ ಹೇಳಿದ. ಬೆಳಿಗ್ಗೆ ಅದು ಸರಿಯಾಗೇ ಹೊಡೀತು. ಏಳು ಸಲ. ನಾನು ಎಣಿಸಿದೆ. ಅಮ್ಮ ಮಡಚಿದ ಬಟ್ಟೆ ಬಿಚ್ಚಿ ಮತ್ತೆ ಮಡಚಿದಳು.

ಮೂರನೇಕರಡು:
ಬಂತು ನೋಡಿ. "ಏಳು ಸಲ. ನಾನು ಎಣಿಸಿದೆ" ಅಂದಾಗಲೇ ಅಪ್ಪನ ಸುಳ್ಳು ಸಿಕ್ಕಿಬಿತ್ತು, ಹುಡುಗಿ ಸುಳ್ಳು ಅಂತ ಎಲ್ಲೂ ಅಂದಿಲ್ಲ. ಬಟ್ಟೆಯ ವಾಕ್ಯ "ಅವಮಾನ"ದ ಕೆಲಸ ಮಾಡುತ್ತಿದೆ. ಆದರೆ "ಕಳೆದುಹೋದ ಕಾಲದ ಕಣ್ಣು" ಯಾರದ್ದು? ನಿಮ್ಮದು. ಅವಳು ಕೈಯಲ್ಲಿ ಮುಟ್ಟಿದ ವಸ್ತುವಿಗೆ ಹೋಲಿಸಲಿ. "ತಟ್ಟೆಯಷ್ಟು ಬೆಳ್ಳಗಿತ್ತು" ಸಾಕು.

ಕಾಗುಣಿತ:
"ಇದ್ದ ಕಡೆ", "ಮಡಚಿದ ಬಟ್ಟೆ" ಬಿಟ್ಟಿರಲ್ಲ. ಹೀಗೆ ಮೊದಲೇ ವಿಶೇಷಣ ಜೋಡಿಸೋದು ದೊಡ್ಡವರ ರೀತಿ.

ಮೂರನೇಕರಡು:
ಒಂದಾದರೆ ಏಳು ವರ್ಷದವರ ಬಾಯಲ್ಲೂ ಬರುತ್ತೆ. ಹಳೆಯ ಕರಡಲ್ಲಿ "ತಾಳಲಾರದೆ", "ಕಾಲದಿಂದ", "ಮೇಲಿದ್ದ" ಎಲ್ಲ ಸಾಲಾಗಿ ನಿಂತು ಗಡಿಯಾರಕ್ಕೆ ಕಾಯುತ್ತಿದ್ದವು. ಅಂಥ ರೈಲು ಬೇಡ. ಹಾಗಂತ ಎಲ್ಲವನ್ನೂ ಮೂರು ಪದಕ್ಕೆ ಕತ್ತರಿಸಿದರೂ ಕಷ್ಟ, ತಂತಿ ಸುದ್ದಿ ಆಗುತ್ತೆ. ಮಕ್ಕಳು "ಆಮೇಲೆ, ಆಮೇಲೆ" ಅಂತ ಉದ್ದಕ್ಕೆ ಎಳೆದೂ ಹೇಳುತ್ತಾರೆ. ಒಂದು ಕಡೆ ಹಾಗೆ ಓಡಲಿ ಬಿಡಿ.

ರಾತ್ರಿಪಾಳಿ:
ನಾನು ಇಂಥದ್ದನ್ನ ದೀಪ ಆರಿಸಿ ಬರೆಯೋದು. ಎರಡು ಸ್ಕ್ರೀನ್, ಒಂದರಲ್ಲಿ ಹಳೇ ಕರಡು, ಒಂದರಲ್ಲಿ ಹೊಸದು. ಕೀಬೋರ್ಡ್ ಮೆಕ್ಯಾನಿಕಲ್, ಕೀಲಿ ನಾನೇ ಬದಲಿಸಿದ್ದು. ಆ ಟಕಟಕ ಇದ್ದರೆ ವಾಕ್ಯ ತಾನೇ ಚಿಕ್ಕದಾಗುತ್ತೆ.

ಹಾಳೆಅಂಚು:
ಯಾವ ಸ್ವಿಚ್ಚು? ನೀಲಿದಾ?

ಮಸಿಕಲೆ:
ಅದಕ್ಕೆ ಬೇರೆ ಚರ್ಚೆ ತೆರೆಯಿರಿ. ನನಗೆ ಕೊನೆ ಒಂದು ಉಳಿದಿದೆ. ಹಳೆಯದರಲ್ಲಿ "ಆ ಗಡಿಯಾರ ಮತ್ತೆಂದೂ ಮನೆಗೆ ಬರಲಿಲ್ಲ" ಅಂತ ಮುಗಿಸಿದ್ದೆ. "ಮತ್ತೆಂದೂ" ಅನ್ನೋದು ಅವಳಿಗೆ ಗೊತ್ತಿರೋಕೆ ಸಾಧ್ಯ ಇಲ್ಲ, ಸರಿ. ಆದರೆ ಅದು ಓದುಗರಿಗೆ ತಲುಪಬೇಕು.

ಮೂರನೇಕರಡು:
ಕೆಲವು ದಿನ ಬಿಟ್ಟು ಅದೇ ಗೋಡೆಗೆ ವಾಪಸ್ ಬನ್ನಿ. "ಇನ್ನೂ ರಿಪೇರಿ ಆಗಿಲ್ಲವಂತೆ."

ಕಾಗುಣಿತ:
ನನಗೆ ಅದು ಜಾಸ್ತಿ ಜಾಣತನ ಅನ್ನಿಸುತ್ತೆ. ಓದುಗ ನಗಲಿ ಅಂತ ಮಗುವನ್ನು ಪೆದ್ದು ಮಾಡಿದ ಹಾಗೆ. ಏಳು ಸಲ ಎಣಿಸಿದವಳಿಗೆ ಅಷ್ಟು ದಿನದಲ್ಲಿ ಗುಮಾನಿ ಬಂದಿರಲ್ವಾ?

ಮೂರನೇಕರಡು:
ಹ್ಞಾಂ, ಅದು ನಿಜ. ಎರಡನೇ ಸಲ "ಅಂತೆ" ಬಂದರೆ ಕುಹಕ ಆಗಿಬಿಡಬಹುದು. ನನಗೂ ಖಚಿತ ಇಲ್ಲ.

ಮಸಿಕಲೆ:
ಸದ್ಯಕ್ಕೆ ಹೀಗೆ ಇಟ್ಟಿದ್ದೇನೆ, ಅಂತೆ ಇಲ್ಲದೆ:

> ಅಮ್ಮ ಮೊಳೆಗೆ ಕ್ಯಾಲೆಂಡರ್ ಹಾಕಿದ್ದಾಳೆ. ಕ್ಯಾಲೆಂಡರ್ ಚೌಕ. ಪಕ್ಕದಲ್ಲಿ ಬಿಳಿ ಕಾಣುತ್ತೆ.

ರಾತ್ರಿಪಾಳಿ:
"ಹಾಕಿದ್ದಾಳೆ", "ಕಾಣುತ್ತೆ". ವರ್ತಮಾನ! ಮೊದಲನೇ ಉತ್ತರದಲ್ಲೇ ಹೇಳಿದ್ದೆ.